ಮಿಕ್ಸಿ ಕೆಟ್ಟಿದೆ, ಆ್ಯಪಿನಲ್ಲಿ ರಿಟರ್ನ್ ಅವಧಿ ಮುಗಿದಿದೆ: ಈಗ ದಾರಿ ಉಂಟಾ?

ಪ್ರಶ್ನೆ: ನಾವು ಉಡುಪಿಯವರು. ಮನೆ ಒಕ್ಕಲಿಗೆ ಬೇಕು ಅಂತ ಆನ್‌ಲೈನಿನಲ್ಲಿ ಮಿಕ್ಸಿ ತರಿಸಿ ಇಟ್ಟಿದ್ದೆವು. 12 ದಿನ ಕಳೆದು ತೆರೆದರೆ ತಿರುಗುವುದೇ ಇಲ್ಲ. 7 ದಿನದ ಅವಧಿ ಮುಗಿದಿದೆ ಅಂತ ಆ್ಯಪ್ ಹೇಳುತ್ತಿದೆ. ಬಟ್ಟೆ, ಎಲೆಕ್ಟ್ರಾನಿಕ್ಸ್, ದಿನಸಿ ವಾಪಸ್ ಮಾಡುವುದಕ್ಕೆ ನಿಯಮ ಏನು? ಮುಂದೆ ಹೀಗೆ ಆಗದಂತೆ ಏನು ಮಾಡಬೇಕು?

ಉತ್ತರ: ಮೊದಲು ಪ್ಲಗ್ ತೆಗೆದು ಮಿಕ್ಸಿಯನ್ನು ಮಗುಚಿ ಅಡಿಭಾಗ ನೋಡಿ. ಹೆಚ್ಚಿನ ಮಿಕ್ಸಿಗಳಲ್ಲಿ ಅಲ್ಲೊಂದು ಸಣ್ಣ ಕೆಂಪು ಬಟನ್ ಇರುತ್ತದೆ. ಗಟ್ಟಿಯಾಗಿ ಕಾಯಿ ಕಡೆಯುವಾಗ ಅಥವಾ ಜಾರು ತುಂಬಿದಾಗ ಮೋಟಾರಿನ ಮೇಲೆ ಭಾರ ಬಿದ್ದರೆ ಈ ಓವರ್‌ಲೋಡ್ ಸ್ವಿಚ್ ಕರೆಂಟ್ ಕಡಿದುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಅದನ್ನು ಒತ್ತಿ, ಜಾರನ್ನು ಸರಿಯಾಗಿ ಕೂರಿಸಿ, ಬೇರೆ ಸಾಕೆಟ್ಟಿನಲ್ಲಿ ಹಾಕಿ ನೋಡಿ. ಮನೆಗೆ ಬರುವ ಮೆಕ್ಯಾನಿಕ್ ಕೂಡ ಮೊದಲು ಮಾಡುವುದು ಇದನ್ನೇ. ಆಗಲೂ ತಿರುಗದಿದ್ದರೆ ಮಾತ್ರ ದೋಷ ಅಂತ ಲೆಕ್ಕ. ಸ್ಕ್ರೂ ಮಾತ್ರ ಬಿಚ್ಚಬೇಡಿ. ನೀವೇ ಬಿಚ್ಚಿದ್ದು ಗೊತ್ತಾದರೆ ವಾರಂಟಿಗೇ ತಕರಾರು ಬರುತ್ತದೆ.

ನಾನು ಮಂಗಳೂರಿನಲ್ಲಿ ಗೃಹೋಪಯೋಗಿ ಸಾಮಾನಿನ ಅಂಗಡಿಯೊಂದರಲ್ಲಿ ವಾಪಸ್ ಬರುವ ಮಾಲು ನೋಡಿಕೊಳ್ಳುತ್ತೇನೆ. ಕೌಂಟರಿಗೆ ಬರುವ ಜಗಳಗಳಲ್ಲಿ ಮುಕ್ಕಾಲು ಭಾಗ ಎರಡು ಬೇರೆ ವಿಷಯಗಳನ್ನು ಒಂದೇ ಅಂತ ತಿಳಿದುಕೊಳ್ಳುವುದರಿಂದ ಹುಟ್ಟುತ್ತವೆ. ಬಣ್ಣ ಹಿಡಿಸಲಿಲ್ಲ, ಅಳತೆ ಆಗಲಿಲ್ಲ, ಮನಸ್ಸು ಬದಲಾಯಿತು ಎಂದು ವಾಪಸ್ ಕೊಡುವುದು ಒಂದು. ಇದಕ್ಕೆ ಕಾನೂನಿನ ಬಲ ಇಲ್ಲ. ಅಂಗಡಿಯವರು ಎಷ್ಟು ದಿನ ಕೊಟ್ಟರೋ ಅಷ್ಟೇ. ಕೊಟ್ಟ ಮಾಲಿನಲ್ಲೇ ದೋಷ ಇರುವುದು ಇನ್ನೊಂದು. ಅಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಬೆನ್ನಿಗಿದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಅವಧಿಯೇ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಆ ಕಾಯ್ದೆ ಹೇಳುತ್ತದೆ. ಬಿಲ್ಲಿನ ಅಡಿಯಲ್ಲಿ 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಅಂತ ಅಚ್ಚು ಹಾಕಿರುತ್ತಾರಲ್ಲ, ನಾನು ಓದಿಕೊಂಡಂತೆ ಅದು ಅವಧಿ ಹೇಳಿದ ಹಾಗೆ ಆಗುವುದಿಲ್ಲ; ದೋಷದ ಮಾಲಿಗೆ ಆ ಸಾಲನ್ನು ಅಡ್ಡ ಹಿಡಿಯಲಿಕ್ಕೆ ಆಗುವುದಿಲ್ಲ. ಆದರೆ ಬಿಲ್ಲು ಬೇಕೇ ಬೇಕು. ಎಸ್ಟಿಮೇಟ್ ಎಂದು ಬರೆದ ಚೀಟಿ ಕೊಟ್ಟರೆ ಒಪ್ಪಬೇಡಿ. ಬಿಲ್ಲು ಕೊಡದಿರುವುದೂ ಅದೇ ಕಾಯ್ದೆಯಲ್ಲಿ ತಪ್ಪೇ.

ನಿಮ್ಮ ಮಿಕ್ಸಿಯ ಅವಧಿ ಶುರುವಾದದ್ದು ಪೆಟ್ಟಿಗೆ ಒಡೆದ ದಿನದಿಂದಲ್ಲ, ಡೆಲಿವರಿ ಆದ ದಿನದಿಂದ. ಹಾಗಾಗಿ ಆ್ಯಪಿನಲ್ಲಿ ರಿಟರ್ನ್ ಬಟನ್ ಇನ್ನು ಸಿಗುವುದಿಲ್ಲ. ಆದರೆ ಬಟನ್ ಹೋದರೆ ಹಕ್ಕೆಲ್ಲ ಹೋಯಿತು ಅಂತ ಅಲ್ಲ. ಆನ್‌ಲೈನ್ ಮಾರಾಟಕ್ಕೆ 2020ರ ಇ-ಕಾಮರ್ಸ್ ನಿಯಮಗಳು ಬೇರೆ ಇವೆ. ದೋಷವಿರುವ ಮಾಲನ್ನಾಗಲಿ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಮಾಲನ್ನಾಗಲಿ ಮಾರಾಟಗಾರ ವಾಪಸ್ ಪಡೆಯುವುದಿಲ್ಲ ಎನ್ನುವಂತಿಲ್ಲ ಎಂದು ಅಲ್ಲಿ ಬರೆದಿದೆ. ಅದರ ಮೇಲೆ ಕಂಪನಿಯ ವಾರಂಟಿಯೂ ನಡೆಯುತ್ತಿದೆ.

ಇವತ್ತೇ ಆ್ಯಪಿನ ಚಾಟಿನಲ್ಲಿ ಅಥವಾ ಇಮೇಲಿನಲ್ಲಿ ಬರೆದು ಹಾಕಿ. ಫೋನಿನ ಮಾತಿಗೆ ನಿಮ್ಮ ಕೈಯಲ್ಲಿ ಸಾಕ್ಷಿ ಉಳಿಯುವುದಿಲ್ಲ. ಡೆಲಿವರಿ ಆದ ದಿನ, ಮೊದಲು ತೆರೆದ ದಿನ, ಏನಾಗುತ್ತದೆ ಎಂಬುದು, ಮಿಕ್ಸಿಯ ಅಡಿಯಲ್ಲಿರುವ ಸೀರಿಯಲ್ ನಂಬರ್, ಇಷ್ಟಿದ್ದರೆ ಸಾಕು. ದೂರಿನ ನಂಬರ್ ತೆಗೆದಿಟ್ಟುಕೊಳ್ಳಿ. ಜೊತೆಗೇ ವಾರಂಟಿ ಕಾರ್ಡಿನಲ್ಲಿರುವ ಕಂಪನಿಯ ನಂಬರಿಗೆ ಕರೆ ಮಾಡಿ ಮೆಕ್ಯಾನಿಕ್ ಕಳಿಸಲು ಹೇಳಿ.

ಆ ಮೆಕ್ಯಾನಿಕ್ ಬರೆಯುವ ಜಾಬ್ ಶೀಟಿನ ಮೇಲೆ ಎಲ್ಲ ನಿಂತಿದೆ. 'ಮೊದಲ ಬಳಕೆಯಲ್ಲೇ ಮೋಟಾರು ತಿರುಗುತ್ತಿಲ್ಲ' ಎಂದು ಬರೆದರೆ ಅದು ಹುಟ್ಟಿನಿಂದ ಬಂದ ದೋಷ. ಬದಲಿ ಕೇಳಲು ನಿಮ್ಮ ಕೈಯಲ್ಲಿ ಅದಕ್ಕಿಂತ ಗಟ್ಟಿ ಕಾಗದ ಬೇರೆ ಇಲ್ಲ. 'ಒಳಗೆ ನೀರು ಹೋಗಿದೆ' ಎಂದೋ 'ಬಳಕೆಯ ತಪ್ಪು' ಎಂದೋ ಬರೆದರೆ ವಾರಂಟಿಯೂ ಕಷ್ಟ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೇ ತೇವ ಹಿಡಿದು ತುಕ್ಕು ಬಂದದ್ದನ್ನು ಸಹ ನೀರು ಎಂದು ಬರೆದುಹೋಗುವವರು ಇದ್ದಾರೆ. ಎದುರಿಗೇ ಬಿಚ್ಚಿ ತೋರಿಸಲು ಹೇಳಿ, ಫೋಟೋ ತೆಗೆಯಿರಿ, ಬರೆದದ್ದನ್ನು ಪೂರ್ತಿ ಓದಿದ ಮೇಲೆ ಸಹಿ ಹಾಕಿ. ಒಪ್ಪಿಗೆ ಇಲ್ಲದಿದ್ದರೆ ಸಹಿಯ ಪಕ್ಕದಲ್ಲಿ ಹಾಗೆಂದು ಬರೆಯಿರಿ. ಸಂಕೋಚ ಬೇಡ ಮಾರಾಯ್ರೆ, ಅದು ನಿಮ್ಮ ದುಡ್ಡು.

ಜಾಬ್ ಶೀಟ್ ಸಿಕ್ಕಿಯೂ ಅವರು ಬಗ್ಗದಿದ್ದರೆ ಅದೇ ಆ್ಯಪಿನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಹೆಸರು, ವಿಳಾಸ ಆ್ಯಪಿನಲ್ಲೇ ಪ್ರಕಟಿಸಬೇಕು ಎಂಬ ನಿಯಮ ಉಂಟು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಇನ್ನು ಮುಂದಿನ ಸಲಕ್ಕೆ. ಸಮಾರಂಭಕ್ಕೆಂದು ಮೊದಲೇ ತರಿಸಿದ ಸಾಮಾನನ್ನು ಬಂದ ದಿನವೇ ತೆರೆದು ಓಡಿಸಿ ನೋಡಿ. ಮುಹೂರ್ತದ ದಿನವೇ ಮೊದಲು ಬಳಸಬೇಕು ಎಂದಿದ್ದರೆ ತರಿಸುವುದನ್ನೇ ತಡಮಾಡುವುದು ಮೇಲು. ತೆರೆಯುವಾಗ ಒಂದೇ ಓಟದಲ್ಲಿ ವಿಡಿಯೋ ಮಾಡಿ: ಒಡೆಯದ ಟೇಪು, ವಿಳಾಸದ ಚೀಟಿ, ಆಮೇಲೆ ಸಾಮಾನಿನ ಮೇಲಿನ ಸೀರಿಯಲ್ ನಂಬರ್. ಕೌಂಟರಿನಲ್ಲಿ ನಾವು ಮೊದಲು ನೋಡುವುದು ಬಿಲ್ಲಿನ ನಂಬರ್, ಪೆಟ್ಟಿಗೆಯ ನಂಬರ್, ಸಾಮಾನಿನ ನಂಬರ್ ಮೂರೂ ಒಂದೇ ಉಂಟಾ ಎಂದು. ಹೊಂದದಿದ್ದರೆ ಮಾಲು ಒಳಗೆ ಬರುವುದೇ ಇಲ್ಲ. ಪೆಟ್ಟಿಗೆ, ಥರ್ಮಾಕೋಲು, ಜಾರಿನ ಮುಚ್ಚಳ ಎಲ್ಲ ಅವಧಿ ಮುಗಿಯುವ ತನಕ ಅಟ್ಟದ ಮೇಲೆ ಇಡಿ. ಜಗಲಿಯಲ್ಲಿಟ್ಟರೆ ಇರಿಚಲಿಗೆ ನೆನೆದು ಹಾಳಾಗುತ್ತದೆ. ಬಾಗಿಲಲ್ಲೇ ತೆರೆದು ತೋರಿಸುವ ಡೆಲಿವರಿ ಆಗಿದ್ದರೆ ನೋಡಿ ಮುಗಿಯುವ ಮೊದಲು ಒಟಿಪಿ ಹೇಳಬೇಡಿ. ಒಟಿಪಿ ಕೊಟ್ಟರೆ ಮಾಲು ಸರಿಯಿತ್ತು ಎಂದು ನೀವೇ ಒಪ್ಪಿದಂತೆ.

ಬಟ್ಟೆಯ ಮಾತು ಇಷ್ಟೇ: ಟ್ಯಾಗ್ ಕತ್ತರಿಸದೆ ಹಾಕಿ ನೋಡಿ, ಸೆಂಟ್ ಹಾಕಿಕೊಂಡು ನೋಡಬೇಡಿ, ಒಗೆಯಬೇಡಿ. ಸೀರೆಯಾದರೆ ಫಾಲ್, ಪೀಕೋಗೆ ಕೊಡುವ ಮೊದಲು, ರವಿಕೆ ಕಣ ಕತ್ತರಿಸುವ ಮೊದಲು, ಹಗಲು ಬೆಳಕಿನಲ್ಲಿ ಉದ್ದಕ್ಕೂ ಬಿಡಿಸಿ ನೂಲು ಎಳೆದಿದೆಯಾ, ಕಲೆ ಉಂಟಾ ನೋಡಿ. ಕತ್ತರಿ ತಾಗಿದ ಸೀರೆಯನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಒಳ ಉಡುಪಿಗೆ ಸಾಮಾನ್ಯವಾಗಿ ವಾಪಸ್ ಇಲ್ಲ. ಡಿಸ್ಕೌಂಟಿನ ಬಟ್ಟೆಗೆ ಬದಲಿ ಉಂಟಾ ಅಂತ ಕೊಳ್ಳುವಾಗಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ದಿನಸಿಯ ಗಡುವು ಎಲ್ಲಕ್ಕಿಂತ ಚಿಕ್ಕದು. ಹಾಲು, ತರಕಾರಿ, ಮೀನು ಬಂದ ಕೂಡಲೇ ನೋಡಿ, ಕೆಟ್ಟಿದ್ದರೆ ಆಗಲೇ ಫೋಟೋ ಹಾಕಿ ದೂರು ಕೊಡಿ. ಕುಚ್ಚಲಕ್ಕಿ, ಬೇಳೆ, ಹಿಟ್ಟಿನ ಪ್ಯಾಕೆಟ್ ಒಡೆದು ಡಬ್ಬಕ್ಕೆ ಸುರಿದ ಮೇಲೂ ಖಾಲಿ ಕವರು ಎಸೆಯಬೇಡಿ. ಹುಳ ಕಂಡರೆ ಬ್ಯಾಚ್ ನಂಬರ್ ಮತ್ತು ತಾರೀಕು ಅದರ ಮೇಲೆಯೇ ಇರುವುದು.

ಮಿಕ್ಸಿಯ ವಿಷಯ ಅಲ್ಲಿಗೂ ಬಗೆಹರಿಯದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅವರು ಕಂಪನಿಗೆ ದೂರನ್ನು ಕಳಿಸುತ್ತಾರೆ. ಆಮೇಲೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗ ಉಂಟು. ಮಾರಿದವ ಎಲ್ಲಿಯವನೇ ಆಗಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಚಾಟಿನ ಸ್ಕ್ರೀನ್‌ಶಾಟ್, ಬಿಲ್ಲು, ಜಾಬ್ ಶೀಟ್ ಮೂರನ್ನೂ ಒಂದೇ ಫೈಲಿನಲ್ಲಿ ತೆಗೆದಿಡಿ.