ಲೇತ್‌ಗೆ ಟೂಲ್ ಡಯಾಮೀಟರ್ ಅಂತ ಒಂದಿಲ್ಲ

ಪ್ರಶ್ನೆ: ಲೇತ್‌ನಲ್ಲಿ 60 ಎಂಎಂ ಎಂಎಸ್ ರಾಡ್ ಟರ್ನಿಂಗ್ ಮಾಡಬೇಕು. ಎಚ್‌ಎಸ್‌ಎಸ್ ಬಿಟ್ 16 ಎಂಎಂ ಇದೆ. ಆರ್‌ಪಿಎಂ ಲೆಕ್ಕಕ್ಕೆ ಟೂಲ್ ಡಯಾಮೀಟರ್ 16 ಅಂತ ಹಾಕಬೇಕಾ?

ಬೇಡ! ನಾನು ಇದನ್ನೇ ಮಾಡಿ ಬೈಸಿಕೊಂಡಿದ್ದೆ.

ಪೀಣ್ಯದ ಒಂದು ಸಣ್ಣ ಶಾಪ್‌ನಲ್ಲಿ ಮೊದಲ ಆರು ತಿಂಗಳು ನನ್ನನ್ನು ಮಿಲ್ಲಿಂಗ್ ಮೆಷಿನ್‌ಗೆ ಹಾಕಿದ್ದರು. ಅಲ್ಲಿ ದಿನಾ ಬಳಸುತ್ತಿದ್ದದ್ದು 12 ಎಂಎಂ ಎಚ್‌ಎಸ್‌ಎಸ್ ಎಂಡ್ ಮಿಲ್. ಮೈಲ್ಡ್ ಸ್ಟೀಲ್‌ಗೆ ಕಟಿಂಗ್ ಸ್ಪೀಡ್ ನಿಮಿಷಕ್ಕೆ 25 ಮೀಟರ್ ಇಟ್ಟುಕೊಂಡರೆ ಸುಮಾರು 660 ಆರ್‌ಪಿಎಂ ಬರುತ್ತದೆ. ಆ ನಂಬರ್ ಬಾಯಿಪಾಠ ಆಗಿಹೋಗಿತ್ತು.

ಒಂದು ದಿನ ಟರ್ನರ್ ರಜಾ. ಲೇತ್‌ನಲ್ಲಿ 100 ಎಂಎಂ ರಾಡ್ ಕಟ್ಟಿ ನನ್ನನ್ನು ನಿಲ್ಲಿಸಿದರು. ಕೈಗೆ ಸಿಕ್ಕ ಬಿಟ್ ಕೂಡ 12 ಎಂಎಂ. ಯೋಚನೆ ಮಾಡಲೇ ಇಲ್ಲ, 660ಕ್ಕೆ ಹತ್ತಿರ ಅಂತ 630ರ ಗೇರ್ ಹಾಕಿದೆ. ಬಿಟ್ ತಾಗಿದ್ದೇ ತಡ, ಕಿರ್ರ್ ಅಂತ ಕಿರುಚಿತು. ಚಿಪ್ಸ್ ಕಡು ನೀಲಿಯಾಗಿ ಹೊಗೆ ಬಿಡುತ್ತಾ ಬಂತು. ನಿಲ್ಲಿಸಿ ನೋಡಿದರೆ ಬಿಟ್‌ನ ಮೂಗು ಕರಗಿದ ಹಾಗೆ ಸವೆದುಹೋಗಿತ್ತು. ಜಾಬ್ ಮೇಲೆ ಕಡಿದದ್ದಕ್ಕಿಂತ ಉಜ್ಜಿದ ಗುರುತೇ ಜಾಸ್ತಿ.

ತಪ್ಪು ಎಲ್ಲಿ ಅಂದರೆ, ಕಟಿಂಗ್ ಸ್ಪೀಡ್ ಎನ್ನುವುದು ಟೂಲ್‌ನ ಅಂಚು ಲೋಹವನ್ನು ಕಡಿಯುತ್ತಾ ಸಾಗುವ ವೇಗ. ಮಿಲ್ಲಿಂಗ್‌ನಲ್ಲಿ ತಿರುಗುವುದು ಕಟರ್, ಹಾಗಾಗಿ ಕಟರ್‌ನ ವ್ಯಾಸ. ಲೇತ್‌ನಲ್ಲಿ ತಿರುಗುವುದು ಜಾಬ್. ಬಿಟ್ ಸುಮ್ನೆ ನಿಂತಿರುತ್ತದೆ, ಅದು 12 ಇರಲಿ 25 ಇರಲಿ ಲೆಕ್ಕಕ್ಕೇ ಬರಲ್ಲ. ಯಾವುದು ತಿರುಗುತ್ತದೋ ಅದರ ವ್ಯಾಸ, ಅಷ್ಟೇ.

```
N = 1000 × V / (3.14 × D)
```

N ಅಂದರೆ ಆರ್‌ಪಿಎಂ, V ಕಟಿಂಗ್ ಸ್ಪೀಡ್ ನಿಮಿಷಕ್ಕೆ ಮೀಟರ್‌ನಲ್ಲಿ, D ವ್ಯಾಸ ಎಂಎಂನಲ್ಲಿ. ಆ 1000 ಬಂದಿರುವುದು ಮೀಟರನ್ನು ಎಂಎಂ ಮಾಡುವುದಕ್ಕೆ. 1000ವನ್ನು 3.14ರಿಂದ ಭಾಗಿಸಿದರೆ 318, ಶಾಪ್‌ನಲ್ಲಿ ಅಷ್ಟು ನೆನಪಿದ್ದರೆ ಸಾಕು. ನನ್ನ ರಾಡ್‌ಗೆ 318 × 25 / 100, ಅಂದರೆ 80 ಆರ್‌ಪಿಎಂ. ನಾನು ಕೊಟ್ಟಿದ್ದು 630. ಅಂದರೆ ಬಿಟ್‌ನ ಮುಂದೆ ಲೋಹ ನಿಮಿಷಕ್ಕೆ ಸುಮಾರು 198 ಮೀಟರ್ ಓಡುತ್ತಿತ್ತು, ಎಂಟು ಪಟ್ಟು! ಕಾರ್ಬೈಡ್ ಆಗಿದ್ದರೆ ತಡೆದುಕೊಳ್ಳುತ್ತಿತ್ತೇನೋ, ಎಚ್‌ಎಸ್‌ಎಸ್ ಎಲ್ಲಿ ತಡೆಯುತ್ತದೆ?

ಮೇಸ್ತ್ರಿ ಬೈದು, ಬಿಟ್ ಮತ್ತೆ ಗ್ರೈಂಡ್ ಮಾಡಿಸಿ, ರಾಡ್ ಮೇಲೆ ಚಾಕ್‌ಪೀಸ್‌ನಲ್ಲಿ 100 ಅಂತ ದೊಡ್ಡದಾಗಿ ಬರೆದರು. "ಇದನ್ನ ನೋಡಿ ಲೆಕ್ಕ ಹಾಕು, ಬಿಟ್ ನೋಡಿ ಅಲ್ಲ."

ನಿಮ್ಮದು 318 × 25 / 60, ಸುಮಾರು 132. ಹೆಡ್‌ಸ್ಟಾಕ್ ಚಾರ್ಟ್‌ನಲ್ಲಿ ಅದೇ ನಂಬರ್ ಸಿಗಲ್ಲ, ಅದಕ್ಕಿಂತ ಕೆಳಗಿನ ಗೇರ್ ಹಾಕಿ. ಎಚ್‌ಎಸ್‌ಎಸ್‌ನಲ್ಲಿ ಚಿಪ್ಸ್ ಬೆಳ್ಳಗೆ ಅಥವಾ ತಿಳಿ ಹಳದಿಯಾಗಿ ಬರಬೇಕು, ನೀಲಿ ಆದರೆ ಸ್ಪೀಡ್ ಇಳಿಸಿ. ರಾಡ್ 30 ಎಂಎಂಗೆ ಇಳಿದಾಗ ಮಾತ್ರ 265 ಆಗುತ್ತದೆ, ಆಗ ಗೇರ್ ಬದಲಿಸಲು ಮರೆಯಬೇಡಿ.