ಲೆಕ್ಕದಲ್ಲಿ 15 ಜನ, ಆಫೀಸಿನಲ್ಲಿ 20 ಜನ, ಆದರೂ ಫೈಲ್ ಬಾಕಿ ಯಾಕೆ?

ಪ್ರಶ್ನೆ: ಮೈಸೂರಿನಲ್ಲಿ ಹೆಲ್ತ್ ಇನ್ಶೂರೆನ್ಸ್ ಕ್ಲೇಮ್ ಪರಿಶೀಲಿಸುವ ಬ್ಯಾಕ್ ಆಫೀಸ್ ಟೀಮ್ ನೋಡಿಕೊಳ್ಳುತ್ತೇನೆ. ಬರೋದೆಲ್ಲ ರೀಇಂಬರ್ಸ್‌ಮೆಂಟ್ ಫೈಲ್‌ಗಳು. ದಿನಕ್ಕೆ ಸರಾಸರಿ 600 ಫೈಲ್, ಒಂದಕ್ಕೆ 12 ನಿಮಿಷ, ವಾರಕ್ಕೆ 5 ದಿನ ಕೆಲಸ. 600 × 12 ಅಂದ್ರೆ 120 ಗಂಟೆ, 8 ಗಂಟೆಯಿಂದ ಭಾಗಿಸಿದ್ರೆ 15 ಜನ ಸಾಕು. ನಮ್ಮಲ್ಲಿ 20 ಜನ ಇದ್ದಾರೆ. ಆದ್ರೂ ಪ್ರತಿ ಶನಿವಾರ 16 ಜನಕ್ಕೆ ಓವರ್‌ಟೈಮ್ ಹಾಕಿದ್ರೇನೇ ಬಾಕಿ ಇಳಿಯೋದು. ಹುಡುಗರು ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಮೇಲಿನವರ ಅನುಮಾನ. ನಿಜಕ್ಕೂ ಎಷ್ಟು ಜನ ಬೇಕು? ಒಂದು ತಿಂಗಳ ಶೀಟ್ ಜೊತೆಗಿಟ್ಟಿದ್ದೇನೆ.

ಉತ್ತರ: ಹುಡುಗರು ಸರಿಯಾಗೇ ಕೆಲಸ ಮಾಡ್ತಿದ್ದಾರೆ. ನಿಮಗೆ ಬೇಕಾಗಿರೋದು 25 ಜನ. ಶೀಟ್ ಕಳಿಸಿದ್ದು ಒಳ್ಳೇದಾಯ್ತು, ಇಲ್ಲದಿದ್ದರೆ ಈ ಉತ್ತರವನ್ನು ಇಷ್ಟು ಧೈರ್ಯವಾಗಿ ಹೇಳೋಕೆ ಆಗ್ತಿರಲಿಲ್ಲ.

ಮೊದಲು ಆ 12 ನಿಮಿಷ ನೋಡೋಣ. ನಿಮ್ಮ ಸಾಫ್ಟ್‌ವೇರ್ ಫೈಲ್ ತೆರೆದಾಗ ಗಡಿಯಾರ ಶುರು ಮಾಡುತ್ತೆ, ಸಬ್ಮಿಟ್ ಒತ್ತಿದಾಗ ನಿಲ್ಲಿಸುತ್ತೆ. ಆದರೆ ಶೀಟ್‌ನಲ್ಲಿ ಒಬ್ಬರ ಒಂದು ಸಬ್ಮಿಟ್ ಹೊತ್ತಿಗೂ ಅವರ ಮುಂದಿನ ಫೈಲ್ ತೆರೆದ ಹೊತ್ತಿಗೂ ನಡುವಿನ ಅಂತರ ನೋಡಿ. ಊಟ, ಬ್ರೇಕ್, ಮೀಟಿಂಗ್ ಎಲ್ಲ ಬಿಟ್ಟರೂ ಸರಾಸರಿ ಒಂದು ನಿಮಿಷ ಬರುತ್ತೆ. ಆ ನಿಮಿಷದಲ್ಲಿ ಅವರು ಸುಮ್ನೆ ಕೂತಿರಲ್ಲ. ಹಿಂದಿನ ಫೈಲಿನ ನೋಟ್ ಮುಗಿಸ್ತಾರೆ, ಮುಂದಿನದರ ಸ್ಕ್ಯಾನ್ ಡೌನ್‌ಲೋಡ್ ಆಗೋಕೆ ಕಾಯ್ತಾರೆ. ಅದೂ ಆ ಫೈಲಿನ ಕೆಲಸವೇ. ಅಲ್ಲಿಗೆ 13 ನಿಮಿಷ ಆಯ್ತು.

ಇದಕ್ಕಿಂತ ದೊಡ್ಡ ತೂತು ಇನ್ನೊಂದಿದೆ. ಶೀಟ್ ಅನ್ನು ಕ್ಲೇಮ್ ನಂಬರ್ ಪ್ರಕಾರ ಸಾರ್ಟ್ ಮಾಡಿದರೆ, ಐದರಲ್ಲಿ ಒಂದು ನಂಬರ್ ಎರಡು ಸಲ ಕಾಣಿಸುತ್ತೆ. ಡಿಸ್ಚಾರ್ಜ್ ಸಮ್ಮರಿ ಇಲ್ಲ, ಮೆಡಿಕಲ್ ಶಾಪ್ ಬಿಲ್ಲಿನಲ್ಲಿ ಡಾಕ್ಟರ್ ಚೀಟಿ ಇಲ್ಲ ಅಂತ ಕ್ವೈರಿ ಹಾಕಿ ಬದಿಗಿಟ್ಟ ಫೈಲ್‌ಗಳು ಅವು. ಉತ್ತರ ಬಂದ ಮೇಲೆ ಯಾರೋ ಒಬ್ಬರು ಅದನ್ನು ಮತ್ತೆ ತೆರೆದು, ಮೊದಲು ಏನಾಗಿತ್ತು ಅಂತ ಓದಿ ಮುಗಿಸಬೇಕು. ಈ ಎರಡನೇ ಸುತ್ತಿಗೆ ಸರಾಸರಿ 8 ನಿಮಿಷ ಹಿಡಿದಿದೆ. ನಿಮ್ಮ ರಿಪೋರ್ಟ್ ಮೊದಲ ಸುತ್ತನ್ನು ಮಾತ್ರ ಎಣಿಸುತ್ತೆ. ಹೊಸ ಫೈಲ್ 600 ಅಂತ ನೀವು ಹೇಳ್ತೀರಿ, ಆದರೆ ಮೇಜಿನ ಮೇಲೆ ದಿನಕ್ಕೆ 720 ಸಲ ಫೈಲ್ ತೆರೆಯುತ್ತೆ.

ಹೊಸದಕ್ಕೆ 600 × 13, ಅಂದರೆ 7,800 ನಿಮಿಷ. ವಾಪಸ್ ಬಂದಿದ್ದಕ್ಕೆ 120 × 8, ಅಂದರೆ 960. ಒಟ್ಟು 8,760 ನಿಮಿಷ. ಇದನ್ನು 600ರಿಂದ ಭಾಗಿಸಿದರೆ ಒಂದು ಹೊಸ ಕ್ಲೇಮ್ ನಿಮ್ಮಿಂದ ನಿಜಕ್ಕೂ ತಗೊಳ್ಳೋದು 14.6 ನಿಮಿಷ. ಮುಂದಿನ ಲೆಕ್ಕಕ್ಕೆಲ್ಲ ಇದನ್ನೇ ಹಿಡಿಯಿರಿ.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನು ತುಂಬಾ ಕಡೆ ನೋಡಿದ್ದೀನಿ. 30 ನಿಮಿಷ ದಾಟಿದ್ದನ್ನೆಲ್ಲ "ತಪ್ಪು ಡೇಟಾ" ಅಂತ ಅಳಿಸಿ ಆಮೇಲೆ ಸರಾಸರಿ ತೆಗೀತಾರೆ. ಊಟಕ್ಕೆ ಹೋಗುವಾಗ ಫೈಲ್ ತೆರೆದಿಟ್ಟು ಹೋಗಿ 65 ನಿಮಿಷ ಬಿದ್ದಿದ್ದರೆ ಅದನ್ನು ತೆಗೆಯೋದು ಸರಿ. ಆದರೆ ಹತ್ತು ದಿನ ಐಸಿಯುನಲ್ಲಿದ್ದವರ 80 ಪುಟದ ಬಿಲ್ಲಿಗೂ 45 ನಿಮಿಷ ಬೇಕೇ ಬೇಕು. ಅದನ್ನು ಶೀಟಿನಿಂದ ಅಳಿಸಬಹುದು, ನಾಳೆ ಬರೋದನ್ನ ತಡೆಯೋಕಾಗಲ್ಲ ಅಲ್ವಾ? ಉದ್ದದ ಫೈಲ್‌ಗಳನ್ನು ಒಂದೊಂದಾಗಿ ಕಣ್ಣು ಹಾಯಿಸಿ ನೋಡಿ, ಪುಟಗಳು ಎಷ್ಟಿವೆ ಅಂತ ನೋಡಿದರೆ ಯಾವುದು ನಿಜ ಯಾವುದು ಸುಳ್ಳು ಅಂತ ತಿಳಿದುಬಿಡುತ್ತೆ.

ಈಗ ಆ 8 ಗಂಟೆಗೆ ಬರೋಣ. ಊಟ, ಟೀ ಬ್ರೇಕ್ ಕಳೆದೇ 8 ಗಂಟೆ ಅಂತ ನೀವು ಹಿಡಿದಿದ್ದೀರಿ, ಸರಿ. ಆದರೆ ಬ್ರೇಕ್ ಕೋಡ್‌ಗಳ ಕಾಲಂ ಕೂಡಿಸಿದರೆ ಬೆಳಗಿನ ಮೀಟಿಂಗ್‌ಗೆ 15 ನಿಮಿಷ, ಕ್ವಾಲಿಟಿ ಫೀಡ್‌ಬ್ಯಾಕ್ ಮತ್ತು ಹೊಸ ಪಾಲಿಸಿ ನಿಯಮಗಳ ಟ್ರೇನಿಂಗ್‌ಗೆ 20, ಲಾಗಿನ್ ಮತ್ತು ಸಿಸ್ಟಂ ತೊಂದರೆಗೆ 15, ಸಣ್ಣಪುಟ್ಟ ಎದ್ದುಹೋಗೋದಕ್ಕೆ 20. ಒಟ್ಟು 70 ನಿಮಿಷ ಆಯ್ತು. ಇದರಲ್ಲಿ ಕತ್ತರಿಸುವಂಥದ್ದು ಅಷ್ಟಾಗಿ ಏನಿಲ್ಲ. 480ರಲ್ಲಿ 70 ಕಳೆದರೆ 410 ನಿಮಿಷ ಉಳಿಯುತ್ತೆ. ಇದರ ಮೇಲೆ "ಮನುಷ್ಯರು ಸುಸ್ತಾಗ್ತಾರೆ" ಅಂತ ಇನ್ನೂ ಶೇ 10 ಕಳೆಯೋ ಅಭ್ಯಾಸ ಕೆಲವರಿಗಿದೆ. ಬೇಡ. 14.6 ನಿಮಿಷವನ್ನು ಇಡೀ ದಿನದ ಡೇಟಾದಿಂದ ತೆಗೆದಿದ್ದೀವಿ, ಸಂಜೆಯ ನಿಧಾನವೂ ಅದರೊಳಗೆ ಬಂದಾಗಿದೆ.

8,760 ಭಾಗಿಸು 410 ಅಂದರೆ 21.4. ಅಂದರೆ ದಿನವೂ ಸೀಟಿನಲ್ಲಿ ಅಷ್ಟು ಜನ ಕೂತಿರಬೇಕು. ರೋಲ್‌ನಲ್ಲಿ ಇನ್ನೂ ಜಾಸ್ತಿ ಬೇಕು, ಯಾಕಂದ್ರೆ ರಜೆ ಇದೆ. ಆಫೀಸಿಗೇ ರಜೆ ಇರೋ ದಿನ ಬಿಟ್ಟು ವರ್ಷಕ್ಕೆ 250 ಕೆಲಸದ ದಿನ. ಅದರಲ್ಲಿ ಒಬ್ಬೊಬ್ಬರು ಸರಾಸರಿ 25 ದಿನ ಬರಲ್ಲ, ಅಂದರೆ ಶೇ 10. ಇಲ್ಲಿ 0.9ರಿಂದ ಭಾಗಿಸಬೇಕು, 1.1ರಿಂದ ಗುಣಿಸಬಾರದು. ಶೇ 10ಕ್ಕೆ ವ್ಯತ್ಯಾಸ ಸಣ್ಣದು. ಆದರೆ ರಜೆ, ಟ್ರೇನಿಂಗ್ ಎಲ್ಲ ಸೇರಿಸಿ ಶೇ 30 ಅಂತ ಒಂದೇ ಸಲ ಹಿಡಿಯೋ ಆಫೀಸುಗಳಲ್ಲಿ 1.3ರಿಂದ ಗುಣಿಸಿದರೆ 100ಕ್ಕೆ 130 ಬರುತ್ತೆ, ಬೇಕಾಗಿರೋದು 143. ಆ 13 ಜನ ಎಲ್ಲಿಂದ ಬರಬೇಕು? ಎಕ್ಸೆಲ್‌ನಲ್ಲಿ ಇಷ್ಟು ಸಾಕು:

```
=CEILING(600*14.6/410/0.9,1)
```

ಉತ್ತರ 24 ಬರುತ್ತೆ. ನಾನು 25 ಅಂದಿದ್ದು ಯಾಕೆ ಅಂತ ಆಮೇಲೆ ಹೇಳ್ತೀನಿ. ಅದಕ್ಕೂ ಮೊದಲು, ಈ ಲೆಕ್ಕವನ್ನು ನಂಬಬೇಕಾ ಬೇಡವಾ ಅನ್ನೋದನ್ನ ಪರೀಕ್ಷೆ ಮಾಡೋಣ. ನಿಮ್ಮ ಮೇಲಿನವರಿಗೆ ತೋರಿಸಬೇಕಾಗಿರೋದೂ ಇದನ್ನೇ. ಲೆಕ್ಕವನ್ನು ತಿರುಗಿಸಿ, ಹೋದ ತಿಂಗಳಿಗೆ ಹಾಕಿ. 20 ಜನರಲ್ಲಿ ದಿನಕ್ಕೆ 18 ಜನ ಬರ್ತಾರೆ. 18 × 410 ಅಂದರೆ 7,380 ನಿಮಿಷ, 14.6ರಿಂದ ಭಾಗಿಸಿದರೆ 505 ಫೈಲ್. ದಿನಕ್ಕೆ 95 ಉಳಿಯುತ್ತೆ, ಶುಕ್ರವಾರ ಸಂಜೆಗೆ 475. ಶನಿವಾರ 16 ಜನ ಬಂದರೆ ಎಷ್ಟು ಮುಗಿಸ್ತಾರೆ? ಸುಮಾರು 450. ಅಂದರೆ ನಿಮ್ಮ ಶನಿವಾರದ ಓವರ್‌ಟೈಮ್ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಇರಬೇಕು ಅಂತ ಲೆಕ್ಕ ಹೇಳ್ತಿದೆ. ಯಾರಾದರೂ ಸೋಮಾರಿತನ ಮಾಡ್ತಿದ್ದರೆ ಬಾಕಿ ಇದಕ್ಕಿಂತ ಜಾಸ್ತಿ ಇರ್ತಿತ್ತು. ಹಳೇ ತಿಂಗಳ ಬಾಕಿಯನ್ನು ವಿವರಿಸೋಕಾಗದ ಲೆಕ್ಕದಿಂದ ಮುಂದಿನ ತಿಂಗಳಿಗೆ ಜನ ಕೇಳೋಕೆ ಹೋಗಬೇಡಿ.

ಇನ್ನು ಸರಾಸರಿ 600 ಅನ್ನೋದರ ಒಳಗೆ ಏನಿದೆ ನೋಡಿ. ಶೀಟ್ ಪ್ರಕಾರ ಸೋಮವಾರ 840, ಮಂಗಳವಾರ 660, ಬುಧವಾರ 540, ಗುರುವಾರ 500, ಶುಕ್ರವಾರ 460. ಶನಿವಾರ ಭಾನುವಾರ ಜನ ಮನೆಯಲ್ಲಿ ಕೂತು ಅಪ್‌ಲೋಡ್ ಮಾಡಿದ್ದೆಲ್ಲ ಸೋಮವಾರ ನಿಮ್ಮ ತಲೆ ಮೇಲೆ ಬೀಳುತ್ತೆ. ಹಾಗಂತ ಸೋಮವಾರಕ್ಕೆ ತಕ್ಕಂತೆ ಜನ ಇಡಬೇಕಾ? ಅದು ನಿಮ್ಮ ಗಡುವಿನ ಮೇಲೆ ನಿಂತಿದೆ. ಬಂದ ದಿನವೇ ಮುಗಿಸಬೇಕು ಅಂತಿದ್ದರೆ ಸೋಮವಾರ ಸೀಟಿನಲ್ಲಿ 30 ಜನ, ರೋಲ್‌ನಲ್ಲಿ 34 ಜನ ಬೇಕಾಗ್ತಿತ್ತು, ಗುರುವಾರ ಶುಕ್ರವಾರ ಅವರಲ್ಲಿ ಎಷ್ಟೋ ಜನಕ್ಕೆ ಕೆಲಸವೇ ಇರ್ತಿರಲಿಲ್ಲ. ಶೀಟಿನ ತುದಿಯಲ್ಲಿ ನೀವೇ ಬರೆದಿರೋ ಹಾಗೆ ನಿಮ್ಮ ಗಡುವು ಎರಡು ಕೆಲಸದ ದಿನ. 24 ಜನ ದಿನಕ್ಕೆ ಸುಮಾರು 607 ಫೈಲ್ ಮುಗಿಸ್ತಾರೆ. ಸೋಮವಾರ ಸಂಜೆ 233 ಉಳಿಯುತ್ತೆ, ಮಂಗಳವಾರ 286, ಬುಧವಾರ 219, ಗುರುವಾರ 112, ಶುಕ್ರವಾರ ಖಾಲಿ. ಅತಿ ಹೆಚ್ಚು ಅಂದರೂ ಅರ್ಧ ದಿನದ ಕೆಲಸ ಬಾಕಿ, ಗಡುವಿಗೆ ಏನೂ ತೊಂದರೆಯಿಲ್ಲ. ಶುಕ್ರವಾರ ಮಧ್ಯಾಹ್ನ ಸ್ವಲ್ಪ ಬಿಡುವೂ ಸಿಗುತ್ತೆ, ಟ್ರೇನಿಂಗ್ ಎಲ್ಲ ಅಲ್ಲಿಗೆ ತಳ್ಳಿ. ಸೋಮವಾರ ಮಂಗಳವಾರ ರಜೆ ಕೊಡೋದರಲ್ಲಿ ಮಾತ್ರ ಬಿಗಿಯಾಗಿರಿ.

ಇದೇ ಕಾರಣಕ್ಕೆ ಕಾಲ್ ಸೆಂಟರ್‌ನಿಂದ ಬಂದವರು ಯಾರಾದರೂ, ಬರೋ ಕರೆಗಳಿಗೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕೋ ಅರ್ಲಾಂಗ್ ಸೂತ್ರ ಹಾಕಿ ಅಂದರೆ ನಯವಾಗಿ ಬೇಡ ಅನ್ನಿ. ಡೆನ್ಮಾರ್ಕಿನ ಎ.ಕೆ. ಅರ್ಲಾಂಗ್ 1917ರಲ್ಲಿ ಪ್ರಕಟಿಸಿದ ಆ ಸೂತ್ರ ಹುಟ್ಟಿದ್ದು ಟೆಲಿಫೋನ್ ಎಕ್ಸ್‌ಚೇಂಜ್‌ಗಾಗಿ. ಲೈನಿನಲ್ಲಿರೋ ಮನುಷ್ಯ ಕಾಯಲ್ಲ, ಫೈಲ್ ಕಾಯುತ್ತೆ. ನಾಳೆ ನಿಮಗೆ ಕ್ಯಾಶ್‌ಲೆಸ್ ಕೆಲಸವನ್ನೂ ಕೊಟ್ಟರೆ ಮಾತು ಬೇರೆ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ 2024ರ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಹೋಗಬೇಕು. ಅದಕ್ಕೆ ದಿನದ ಸರಾಸರಿ ಸಾಲದು, ಗಂಟೆಗಂಟೆಯ ಲೆಕ್ಕ ಬೇಕು, ಪ್ರತ್ಯೇಕ ಟೀಮೂ ಬೇಕು.

ಬಾಕಿ ಅರ್ಧ ದಿನದ್ದೇ ಇದ್ದರೂ ಗಡುವು ತಪ್ಪುತ್ತಿದ್ದರೆ ಕಾರಣ ಒಂದೇ, ಸುಲಭದ ಫೈಲನ್ನು ಆರಿಸಿಕೊಳ್ತಿದ್ದಾರೆ. ಬಾಕಿ ಎಷ್ಟು ಅಂತ ನೋಡೋದರ ಜೊತೆಗೆ ಅತಿ ಹಳೇ ಫೈಲ್ ಎಷ್ಟು ದಿನದ್ದು ಅಂತಲೂ ದಿನಾ ನೋಡಿ. ಕ್ಯೂನ ಕೆಳಗಡೆ 9 ದಿನದ ಹಿಂದಿನ ದಪ್ಪ ಫೈಲ್‌ಗಳು ಕೂತಿದ್ದರೆ, ಆ ವಾರದ 12 ನಿಮಿಷವೂ ಸುಳ್ಳೇ. ಫೈಲ್ ಆರಿಸೋ ಆಯ್ಕೆ ತೆಗೆದುಹಾಕಿ, ಹಳೇದು ಮೊದಲು ಅಂತ ಸಿಸ್ಟಮ್ಮೇ ಹಂಚಲಿ.

ಈಗ 25ರ ವಿಷಯ. 24 ಜನಕ್ಕೆ 607 ಫೈಲ್ ಆಗುತ್ತೆ, ಬರೋದು 600. ಅಂದರೆ ಉಸಿರಾಡೋಕೆ ಜಾಗವೇ ಇಲ್ಲ. ಮಳೆಗಾಲದಲ್ಲಿ ಡೆಂಗಿ ಶುರುವಾದರೆ ಫೈಲ್ ಹೆಚ್ಚಾಗೋದು ನಿಮಗೆ ಗೊತ್ತೇ ಇದೆ. ಬರೀ ಶೇ 5 ಹೆಚ್ಚಾಗಿ 630 ಆದರೂ 24 ಜನಕ್ಕೆ ವಾರಕ್ಕೆ 115ರಷ್ಟು ಬಾಕಿ ಬೆಳೆಯುತ್ತೆ. ಅದೇ ಸೂತ್ರದಲ್ಲಿ 630 ಹಾಕಿ, 25 ಬರುತ್ತೆ. ಅದಕ್ಕಿಂತ ದೊಡ್ಡ ಏರಿಕೆಗೆ ಕಾಯಂ ಜನ ಕೇಳಬೇಡಿ, ಓವರ್‌ಟೈಮ್ ಇರೋದೇ ಅದಕ್ಕೆ.

ಕೊನೆಯದಾಗಿ, 5 ಜನ ಸಿಕ್ಕ ತಕ್ಷಣ ಶನಿವಾರದ ಓವರ್‌ಟೈಮ್ ನಿಲ್ಲಿಸ್ತೀವಿ ಅಂತ ಮಾತು ಕೊಟ್ಟುಬಿಡಬೇಡಿ. ಟ್ರೇನಿಂಗ್ ಕ್ಲಾಸ್ ಮುಗಿಸಿ ಫೈಲ್ ಹಿಡಿದ ಮೊದಲ ತಿಂಗಳು ಹೊಸಬರು ಅರ್ಧ ವೇಗದಲ್ಲಿರ್ತಾರೆ ಅಂತ ಹಿಡಿಯಿರಿ, ಜೊತೆಗೆ ಅವರ ಅನುಮಾನ ಬಗೆಹರಿಸೋಕೆ ಒಬ್ಬ ಸೀನಿಯರ್‌ನ ಅರ್ಧ ದಿನ ಹೋಗುತ್ತೆ. ಹಾಗೆ ಹಾಕಿದರೆ ದಿನಕ್ಕೆ ಆಗೋದು 555 ಫೈಲ್, ವಾರಕ್ಕೆ 225 ಬಾಕಿ. ಶನಿವಾರ 16 ಜನರ ಬದಲು 8 ಜನ ಬರಬೇಕಾಗುತ್ತೆ. ಆ ತಿಂಗಳ ಓವರ್‌ಟೈಮ್ ದುಡ್ಡನ್ನು ಹೊಸ ಐವರ ಕೋರಿಕೆಯ ಜೊತೆಗೇ, ಅದೇ ಮೇಲ್‌ನಲ್ಲೇ ಕೇಳಿ.