ಲೀಡ್‌ಗೆ ಅಂಕ ಕೊಡೋದು: ಹಳೇ ಪಟ್ಟಿಯಿಂದ ಶುರು ಮಾಡಿ

ಪ್ರಶ್ನೆ: ನಾನು ಬಳ್ಳಾರಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಮಾರ್ಕೆಟಿಂಗ್ ನೋಡ್ಕೊಳ್ತೀನಿ. ಬಿಲ್ಲಿಂಗ್, ಸ್ಟಾಕ್ ಸಾಫ್ಟ್‌ವೇರ್ ಮಾರ್ತೀವಿ. ಫೇಸ್‌ಬುಕ್ ಜಾಹೀರಾತಿನಿಂದ ಲೀಡ್ ಬೇಕಾದಷ್ಟು ಬರ್ತವೆ, ಆದ್ರೆ ಸೇಲ್ಸ್ ಹುಡುಗರು "ಎಲ್ಲಾ ಕಸ" ಅಂತಾರೆ. ಲೀಡ್ ಸ್ಕೋರಿಂಗ್, ಅಂದ್ರೆ ಯಾರು ಕೊಳ್ಳಬಹುದು ಅಂತ ಒಂದೊಂದು ಲೀಡ್‌ಗೂ ಅಂಕ ಕೊಡೋದು, ಹೇಗೆ ಶುರು ಮಾಡೋದು?

ಉತ್ತರ: ನಾನೂ ಬಳ್ಳಾರಿಯವನೇ, ನಾವೂ ಇಂಥದ್ದೇ ಸಾಫ್ಟ್‌ವೇರ್ ಮಾರ್ತೀವಿ. ನಮ್ಮ ಗಿರಾಕಿಗಳು ಜಾಸ್ತಿ ರೈಸ್ ಮಿಲ್‌ನವರು, ಆಮೇಲೆ ಎಪಿಎಂಸಿ ದಲಾಲಿ ಅಂಗಡಿಯವರು, ಸ್ವಲ್ಪ ಹತ್ತಿ ಜಿನ್ನಿಂಗ್‌ನವರು. ಎರಡು ವರ್ಷದ ಹಿಂದೆ ನಮ್ಮಲ್ಲೂ ಇದೇ ಜಗಳ ಇತ್ತು. ಒಬ್ಬ ಹುಡುಗ ಕಂಪ್ಲಿ ದಾಟಿ ಗಂಗಾವತಿ, ಅಲ್ಲಿಂದ ಕಾರಟಗಿ, ಸಿಂಧನೂರಿನವರೆಗೂ ಬೈಕಿನಲ್ಲಿ ಹೋಗಿದ್ದ. ಅಲ್ಲಿ ಸಿಕ್ಕವರು ಹೇಳಿದ್ದು ಇಷ್ಟು: "ನಾ ಏನೂ ಕೇಳಿಲ್ರಿ, ಫೋನಿನ್ಯಾಗ ಏನೋ ಒತ್ತೀನಿ, ಅದಕ್ಕ ನೀವು ಇಷ್ಟು ದೂರ ಬಂದೀರೇನು?" ಪಾಪ, ಅವರು ಚಹಾ ಕುಡಿಸಿ ಕಳಿಸಿದ್ರು. ದಿನ ಮಾತ್ರ ಹೋಯ್ತು.

ನಾನು ಮೊದಲು ಮಾಡಿದ ತಪ್ಪು ನೀವು ಮಾಡಬೇಡಿ. ಕುರ್ಚಿಯಲ್ಲಿ ಕೂತು ಮನಸ್ಸಿಗೆ ಬಂದ ಹಾಗೆ ಅಂಕ ಹಂಚಿದ್ದೆ. ಪಿಡಿಎಫ್ ಬ್ರೋಷರ್ ತೆಗೆದ್ರೆ 20, ವೆಬ್‌ಸೈಟಿಗೆ ಮೂರು ಸಲ ಬಂದ್ರೆ 15, ಮೇಲ್ ತೆರೆದ್ರೆ 5. ಮೊದಲ ತಿಂಗಳು ಎಲ್ಲರಿಗಿಂತ ಜಾಸ್ತಿ ಅಂಕ ಯಾರಿಗೆ ಬಂತು ಗೊತ್ತಾ? ಪ್ರಾಜೆಕ್ಟ್ ಮಾಡ್ತಿದ್ದ ಒಬ್ಬ ಬಿಕಾಂ ಹುಡುಗನಿಗೆ. ಅವನು ನಮ್ಮ ವೆಬ್‌ಸೈಟಿನ ಒಂದೊಂದು ಪುಟವನ್ನೂ ಓದಿದ್ದ. ಅದೇ ತಿಂಗಳು ನಮ್ಮಿಂದ ಸಾಫ್ಟ್‌ವೇರ್ ತಗೊಂಡ ಮಿಲ್ ಮಾಲೀಕರ ಅಂಕ ಸೊನ್ನೆ. ಅವರು ಏನನ್ನೂ ಒತ್ತಿರಲಿಲ್ಲ, ನೇರವಾಗಿ ಫೋನ್ ಮಾಡಿದ್ರು ಅಷ್ಟೇ.

ಅದಾದ ಮೇಲೆ ಹಳೇ ಪಟ್ಟಿ ತೆಗೆದೆ. ಎಂಟು ತಿಂಗಳಲ್ಲಿ 480 ಲೀಡ್ ಬಂದಿದ್ವು. ಅದರಲ್ಲಿ 16 ಮಾತ್ರ ಮಾರಾಟವಾಗಿತ್ತು. ಹದಿನಾರನ್ನು ನಾಲ್ಕೈದು ಗುಂಪು ಮಾಡಿದ್ರೆ ಒಂದೊಂದರಲ್ಲೂ ಎರಡೋ ಮೂರೋ ಉಳಿಯುತ್ತೆ, ಅದರಿಂದ ಏನೂ ಹೇಳೋಕಾಗಲ್ಲ. ಹಾಗಾಗಿ ಮಾರಾಟಕ್ಕೆ ಒಂದು ಮೆಟ್ಟಿಲು ಕೆಳಗೆ ಇಳಿದೆ: ಮಾಲೀಕರು ಕೂತು ಡೆಮೋ ನೋಡಿದ್ರಾ ಇಲ್ವಾ? ಅಂಥವರು 64 ಜನ ಇದ್ರು. ಅಂದ್ರೆ ಸರಾಸರಿ ಏಳೂವರೆ ಲೀಡ್‌ಗೆ ಒಂದು ಡೆಮೋ. ಇನ್ನು ಪ್ರತಿ ಗುಣವನ್ನೂ ಈ ಏಳೂವರೆಯ ಪಕ್ಕ ಇಟ್ಟು ನೋಡಬೇಕು. ಇದಕ್ಕೆ ಗಿರಾಕಿಗಳ ಲೆಕ್ಕ ಇಡೋ ದೊಡ್ಡ ಸಿಆರ್‌ಎಂ ಸಾಫ್ಟ್‌ವೇರ್ ಬೇಡ, ಶೀಟ್ ಸಾಕು. B ಕಾಲಂನಲ್ಲಿ ಲೀಡ್ ಎಲ್ಲಿಂದ ಬಂತು, H ಕಾಲಂನಲ್ಲಿ ಏನಾಯ್ತು ಅಂತ ಬರೆದಿದ್ರೆ ಹೀಗೆ (ಮಾರಾಟವಾದವರಿಗೂ H ನಲ್ಲಿ demo ಅಂತಲೇ ಹಾಕಿ, ಇಲ್ಲಾಂದ್ರೆ ಅವರು ಲೆಕ್ಕದಿಂದ ಬಿಟ್ಟು ಹೋಗ್ತಾರೆ):

```
=COUNTIFS(B:B,"phone",H:H,"demo")/COUNTIF(B:B,"phone")
```

ನಮಗೆ ಬಂದ ಉತ್ತರ ನೋಡಿ. ತಾವಾಗೇ ಫೋನ್ ಅಥವಾ ವಾಟ್ಸಾಪ್ ಮಾಡಿದವರು 60, ಅದರಲ್ಲಿ 25 ಡೆಮೋ. ವೆಬ್‌ಸೈಟಿಗೆ ಬಂದು ಫಾರ್ಮ್ ತುಂಬಿದವರು 120, ಡೆಮೋ 30. ಫೇಸ್‌ಬುಕ್ ಒಳಗೇ ತೆರೆಯುವ ಫಾರ್ಮ್‌ನಿಂದ ಬಂದವರು 300, ಡೆಮೋ ಬರೀ 9. ಸೇಲ್ಸ್‌ನವರು ಕಸ ಅಂದಿದ್ದು ಈ ಮುನ್ನೂರನ್ನ. ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇವೇ ಇದ್ದಿದ್ದರಿಂದ ಎಲ್ಲವೂ ಕಸ ಅನ್ನಿಸ್ತಿತ್ತು. ಪಿಡಿಎಫ್ ತೆಗೆದವರು 150, ಡೆಮೋ 20. ಭಾಗಿಸಿ ನೋಡಿ, ಅಲ್ಲೂ ಏಳೂವರೆಗೆ ಒಂದು, ಸರಾಸರಿಯಷ್ಟೇ. ನಾನು 20 ಅಂಕ ಕೊಟ್ಟಿದ್ದ ಗುಣ ಏನನ್ನೂ ಹೇಳ್ತಿರಲಿಲ್ಲ. ಬ್ರೋಷರ್ ತೆಗೆದು ಓದೋರು ಹೆಚ್ಚಾಗಿ ಗುಮಾಸ್ತರು, ದುಡ್ಡು ಬಿಚ್ಚೋರು ಸಾಹುಕಾರರು.

ಒಂದು ಗುಣ ಮಾತ್ರ ನನಗೇ ಆಶ್ಚರ್ಯ ತಂತು. ಎರಡೂ ಥರದ ಫಾರ್ಮ್ ಸೇರಿ 420 ಜನ ತುಂಬಿದ್ರು. ಅದರಲ್ಲಿ ವ್ಯಾಪಾರದ ಹೆಸರು ಬರೆಯುವ ಜಾಗದಲ್ಲಿ ನಿಜವಾಗಿಯೂ 'ರೈಸ್ ಇಂಡಸ್ಟ್ರೀಸ್', 'ಟ್ರೇಡರ್ಸ್' ಅಂತ ಏನಾದರೂ ಬರೆದವರು 90. ಅವರಲ್ಲಿ 30 ಜನ ಡೆಮೋ ನೋಡಿದ್ರು, ಮೂರಕ್ಕೆ ಒಬ್ಬರು. ಉಳಿದ 330 ಜನರಲ್ಲಿ 9. ಕಾರಣ ಸುಲಭ. ಫೇಸ್‌ಬುಕ್ ಫಾರ್ಮ್‌ನಲ್ಲಿ ಹೆಸರು, ಫೋನ್ ನಂಬರ್ ಪ್ರೊಫೈಲಿನಿಂದ ತಾನೇ ತುಂಬಿಕೊಳ್ಳುತ್ತೆ, ಬೆರಳು ಎರಡು ಸಲ ತಾಗಿದ್ರೆ ಲೀಡ್ ರೆಡಿ. ವ್ಯಾಪಾರದ ಹೆಸರು ಮಾತ್ರ ಕೈಯಾರೆ ಟೈಪ್ ಮಾಡಬೇಕು. ಅಷ್ಟು ಕಷ್ಟಪಟ್ಟವರಿಗೆ ನಿಜವಾಗಿ ಏನೋ ಬೇಕಾಗಿರುತ್ತೆ.

ಅಂಕ ಹಾಕಿದ್ದು ಒರಟಾಗಿಯೇ. ಸರಾಸರಿಗಿಂತ ಮೂರು ಪಟ್ಟು ಇದ್ರೆ 3, ಎರಡು ಪಟ್ಟು ಇದ್ರೆ 2, ತೀರಾ ಕಡಿಮೆ ಇದ್ರೆ ಮೈನಸ್. ತಾವೇ ಫೋನ್ ಮಾಡಿದ್ರೆ 3, ವೆಬ್‌ಸೈಟ್ ಫಾರ್ಮ್‌ಗೆ 2, ಫೇಸ್‌ಬುಕ್ ಫಾರ್ಮ್‌ಗೆ ಮೈನಸ್ 2, ಫಾರ್ಮ್‌ನಲ್ಲಿ ವ್ಯಾಪಾರದ ಹೆಸರಿದ್ರೆ 2, ನಮ್ಮ ಹುಡುಗರು ಹೋಗಿಬರೋ ಊರಾದ್ರೆ 1. ಪಿಡಿಎಫ್‌ಗೆ ಸೊನ್ನೆ. ವ್ಯಾಪಾರದ ಹೆಸರಿಗೆ ಲೆಕ್ಕದ ಪ್ರಕಾರ ಎರಡೂವರೆ ಬರ್ತಿತ್ತು, ಬೇಕಂತಲೇ 2ಕ್ಕೆ ಇಳಿಸಿದೆ. ವೆಬ್‌ಸೈಟಿನಿಂದ ಬಂದವರೇ ಜಾಸ್ತಿ ಹೆಸರು ಬರೆದಿರ್ತಾರೆ, ಹಾಗಾಗಿ ಒಂದೇ ಒಳ್ಳೇತನಕ್ಕೆ ಎರಡು ಸಲ ಅಂಕ ಹೋಗುತ್ತೆ.

ಮೂರು ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಒಂದು ಗಂಟೆಯೊಳಗೆ ಫೋನ್. ಒಂದೆರಡು ಬಂದ್ರೆ ಅದೇ ದಿನ. ಸೊನ್ನೆ ಅಥವಾ ಕೆಳಗೆ ಇದ್ರೆ ಒಂದು ವಾಟ್ಸಾಪ್ ಮೆಸೇಜ್, ಉತ್ತರ ಬಂದ್ರೆ ಮಾತ್ರ ಫೋನ್.

ಇಲ್ಲಿ ಎಡವುವ ಜಾಗ ಒಂದಿದೆ. ಹಳೇ ಪಟ್ಟಿ ನೋಡುವಾಗ "ಮಾಲೀಕರೇ ಮಾತಾಡಿದ್ರಾ?" ಅನ್ನೋ ಕಾಲಂ ಎಲ್ಲಕ್ಕಿಂತ ಚೆನ್ನಾಗಿ ಕಾಣಿಸ್ತಿತ್ತು. ಹಾಕೇಬಿಡ್ತಿದ್ದೆ. ಆದ್ರೆ ಅದು ಗೊತ್ತಾಗೋದು ಫೋನ್ ಮಾಡಿದ ಮೇಲೆ ಅಲ್ವಾ? ಯಾರಿಗೆ ಮೊದಲು ಫೋನ್ ಮಾಡಬೇಕು ಅನ್ನೋದನ್ನ ಫೋನ್ ಮಾಡಿದ ಮೇಲೆ ತಿಳಿಯೋ ವಿಷಯದಿಂದ ನಿರ್ಧರಿಸೋಕಾಗಲ್ಲ. ಅದಕ್ಕೇ ಅಂಕವನ್ನ ಎರಡು ಹಂತ ಮಾಡಿದ್ವಿ. ಮೇಲಿನದು ಫೋನ್ ಮಾಡೋಕೆ. ಎರಡನೇದು ಬೈಕ್ ಹತ್ತೋಕೆ. ಆಫೀಸಿನಲ್ಲಿ ಕೂರುವ ಒಬ್ಬ ಹುಡುಗಿ ಎರಡು ನಿಮಿಷ ಮಾತಾಡಿ ಮೂರೇ ಪ್ರಶ್ನೆ ಕೇಳ್ತಾಳೆ: ಈಗ ಬಿಲ್ ಯಾತರಾಗ ಮಾಡ್ತೀರಿ, ಲೆಕ್ಕ ಯಾರು ನೋಡ್ತಾರ, ಮಿಲ್ ಎಷ್ಟು ಟನ್ನಿಂದು? ಕಂಪ್ಯೂಟರಿನಲ್ಲಿ ಈಗಾಗಲೇ ಬಿಲ್ ಮಾಡ್ತಾ ಇದ್ದು, ಮಾಲೀಕರೋ ಅವರ ಮಗನೋ ಫೋನಿಗೆ ಸಿಕ್ಕಿದ್ರೆ ಹೋಗೋದು. ಕೈಬರಹದ ಪುಸ್ತಕ, ಗುಮಾಸ್ತರ ಫೋನ್ ಆಗಿದ್ರೆ ಇನ್ನೊಂದು ಕರೆ ಆದಮೇಲೆ ಹೋಗೋದು.

ಇದೇ ಎರಡನೇ ಹಂತದಲ್ಲಿ ಇನ್ನೊಂದು ನಿಯಮ ಹಾಕಿ ಕೈ ಸುಟ್ಟುಕೊಂಡೆ. 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದ ವಹಿವಾಟಿಗೆ ಇ-ಇನ್‌ವಾಯ್ಸ್, ಅಂದ್ರೆ ಬಿಲ್ಲನ್ನ ಸರ್ಕಾರದ ಪೋರ್ಟಲ್‌ಗೆ ಹಾಕೋದು, ಕಡ್ಡಾಯ ಆಯ್ತು. ಆ ಗಾತ್ರದ ಮಿಲ್‌ಗಳಿಗೆ ನಮ್ಮ ಸಾಫ್ಟ್‌ವೇರ್ ಬೇಕೇ ಬೇಕು ಅಂದ್ಕೊಂಡು ದೊಡ್ಡ ಮಿಲ್‌ಗೆ ಜಾಸ್ತಿ ಅಂಕ ಕೊಟ್ಟೆ. ಹುಡುಗ ಒಂದು ದೊಡ್ಡ ಮಿಲ್‌ಗೆ ಹೋಗಿ ವಾಪಸ್ ಬಂದು ಹೇಳಿದ, "ಸರ್, ಅವರದು ಎಲ್ಲಾ 26 ಕೆಜಿ ಚೀಲ." ಆಗ ತಲೆಗೆ ಹೊಳೀತು. 2022ರ ಜುಲೈ 18ರಿಂದ 5% ಜಿಎಸ್‌ಟಿ ತೆರಿಗೆ ಬಂದಿದ್ದು ಲೇಬಲ್ ಹಾಕಿ ಪ್ಯಾಕ್ ಮಾಡಿದ 25 ಕೆಜಿವರೆಗಿನ ಅಕ್ಕಿಗೆ. 26 ಕೆಜಿ ಚೀಲಕ್ಕೆ ತೆರಿಗೆ ಇಲ್ಲ. ತೆರಿಗೆ ಇಲ್ಲದ ಮಾಲಿಗೆ ಇ-ಇನ್‌ವಾಯ್ಸ್ ಕೂಡ ಬೇಡ. ಆ ಅಕ್ಕಿಗೆ ಎಷ್ಟು ಕೋಟಿ ವಹಿವಾಟಿದ್ರೂ ನಮ್ಮ ದೊಡ್ಡ ಮಾರಾಟದ ಮಾತು ಅವರಿಗೆ ಲೆಕ್ಕಕ್ಕಿಲ್ಲ. ನಿಯಮ ತೆಗೆದೆ. ಅದರ ಬದಲು "ಸಣ್ಣ ಪ್ಯಾಕೆಟ್ ಮಾಡ್ತೀರಾ?" ಅಂತ ಕೇಳೋಕೆ ಶುರು ಮಾಡಿದ್ವಿ.

ಅಂಕ ಸರಿ ಇದೆಯೋ ಇಲ್ವೋ ತಿಳಿಯೋದು ಹೇಗೆ? ನಾನು ಎಂಟೂ ತಿಂಗಳ ಪಟ್ಟಿಯನ್ನ ಅಂಕ ಕಟ್ಟೋಕೇ ಖರ್ಚು ಮಾಡಿಬಿಟ್ಟೆ, ಪರೀಕ್ಷೆಗೆ ಏನೂ ಉಳಿಸಲಿಲ್ಲ. ನೀವು ಹಳೇ ಐದು ತಿಂಗಳಿಂದ ಅಂಕ ಕಟ್ಟಿ, ಈಚಿನ ಮೂರು ತಿಂಗಳ ಲೀಡ್‌ಗೆ ಹಾಕಿ ನೋಡಿ. ಮೇಲಿನ ಗುಂಪಿನಲ್ಲಿ ಡೆಮೋ ಎದ್ದು ಕಾಣಬೇಕು. ಕಾಣದಿದ್ರೆ ಸೇಲ್ಸ್‌ನವರಿಗೆ ಇನ್ನೂ ತೋರಿಸಬೇಡಿ.

ಶುರುವಾದ ಮೇಲೂ ಒಂದು ಕೆಲಸ ಬಿಡಬೇಡಿ. ತಿಂಗಳಿಗೆ ಕೆಳಗಿನ ಅಂಕದ ಹತ್ತು ಲೀಡ್‌ಗಳನ್ನ ಚೀಟಿ ಎತ್ತಿದ ಹಾಗೆ ಆರಿಸಿ, ಮೇಲಿನವರಷ್ಟೇ ಗಮನ ಕೊಟ್ಟು ಫೋನ್ ಮಾಡಿಸಿ. ಇಲ್ಲಾಂದ್ರೆ ಕೆಳಗಿನವರಿಗೆ ಯಾರೂ ಫೋನ್ ಮಾಡಲ್ಲ, ಹಾಗಾಗಿ ಅವರು ಕೊಳ್ಳೋದೂ ಇಲ್ಲ, ನೀವು "ನೋಡಿ ಅಂಕ ಸರಿ ಇತ್ತು" ಅಂತೀರಿ. ನಮ್ಮಲ್ಲಿ ಎರಡನೇ ತಿಂಗಳು ಹತ್ತರಲ್ಲಿ ಇಬ್ಬರು ಡೆಮೋ ನೋಡಿದ್ರು. ಇಬ್ಬರೂ ರಾಯಚೂರು ಕಡೆಯ ದಲಾಲಿ ಅಂಗಡಿಯವರು. ವ್ಯಾಪಾರದ ಹೆಸರಿನ ಜಾಗದಲ್ಲಿ ತಮ್ಮ ಹೆಸರನ್ನೇ ಬರೆದಿದ್ರು, ಯಾಕಂದ್ರೆ ಮಾರ್ಕೆಟಿನಲ್ಲಿ ಸಾಹುಕಾರರ ಹೆಸರೇ ಅಂಗಡಿಯ ಹೆಸರು. ಅವರನ್ನ ನಾವು 'ಹೆಸರಿಲ್ಲ' ಅಂತ ಗುರುತಿಸಿದ್ವಿ. ಅವತ್ತೇ ಫಾರ್ಮ್ ಬದಲಾಯಿಸಿ, ಹೆಸರಿನ ಜೊತೆ "ಏನು ವ್ಯಾಪಾರ?" ಅಂತ ಸೇರಿಸಿದ್ವಿ: ರೈಸ್ ಮಿಲ್, ದಲಾಲಿ ಅಂಗಡಿ, ಜಿನ್ನಿಂಗ್, ಬೇರೆ.

ಜಾಹೀರಾತಿನ ಕಡೆಯೂ ಬದಲಾವಣೆ ಬೇಕು. ಫೇಸ್‌ಬುಕ್ ಫಾರ್ಮ್ ಮಾಡುವಾಗ More volume, Higher intent ಅಂತ ಬರುತ್ತೆ. ಎರಡನೇದರಲ್ಲಿ ಕಳಿಸೋ ಮೊದಲು ತುಂಬಿದ್ದನ್ನ ಇನ್ನೊಮ್ಮೆ ತೋರಿಸಿ ಖಚಿತ ಮಾಡಿಸುತ್ತೆ, ಆ ಒಂದು ಹೆಜ್ಜೆಯಲ್ಲೇ ಸುಮ್ನೆ ಒತ್ತುವವರು ಉದುರಿ ಹೋಗ್ತಾರೆ. ಹಳೇ ಫಾರ್ಮ್‌ನಲ್ಲಿ 27,000 ರೂಪಾಯಿಗೆ 300 ಲೀಡ್, 9 ಡೆಮೋ. ಹೊಸದರಲ್ಲಿ 18,000ಕ್ಕೆ 75 ಲೀಡ್, ಅದೇ 9 ಡೆಮೋ. ಒಂದು ಲೀಡ್ 90 ರೂಪಾಯಿ ಇದ್ದಿದ್ದು 240 ಆಯ್ತು, ನಮ್ಮ ಬಾಸ್ ಮುಖ ಸಪ್ಪೆ ಮಾಡಿಕೊಂಡ್ರು. ಒಂದು ಡೆಮೋ 3,000 ಇದ್ದಿದ್ದು 2,000 ಆಗಿದೆ ಅಂತ ಪಕ್ಕದ ಕಾಲಂ ತೋರಿಸಿದ ಮೇಲೆ ಸುಮ್ಮನಾದ್ರು. ತಿಂಗಳ ವರದಿಯಲ್ಲಿ ಲೀಡ್ ಸಂಖ್ಯೆಯನ್ನ ಮೊದಲ ಸಾಲಿನಿಂದ ತೆಗೆದುಬಿಡಿ, ಡೆಮೋದ ಖರ್ಚು ಅಲ್ಲಿರಲಿ.

ಕೊನೆಯದು, ಸುಗ್ಗಿ. ನವೆಂಬರ್, ಡಿಸೆಂಬರ್‌ನಲ್ಲಿ ಭತ್ತದ ಲಾರಿ ಸಾಲು ನಿಂತಿರುವಾಗ ಮಿಲ್‌ನವರು "ಆಮ್ಯಾಲೆ ನೋಡೂಣು" ಅಂದ್ರೆ ಅದು 'ಬೇಡ' ಅಲ್ಲ. ಮೂವತ್ತು ದಿನ ಆಯ್ತು ಅಂತ ಅಂಕ ಇಳಿಸೋ ನಿಯಮ ಬಹಳ ಸಿಆರ್‌ಎಂ ಸಾಫ್ಟ್‌ವೇರ್‌ಗಳಲ್ಲಿ ಇರುತ್ತೆ. ನಾವು ಅದನ್ನ ಆಫ್ ಮಾಡಿ, 'ಸುಗ್ಗಿ ಮುಗಿದ ಮೇಲೆ' ಅಂತ ಬೇರೆ ಗುರುತು ಹಾಕಿ ಫೆಬ್ರವರಿಗೆ ಫೋನ್ ಇಟ್ಕೊಳ್ತೀವಿ. ಏಪ್ರಿಲ್ 1ಕ್ಕೆ ಹೊಸ ಲೆಕ್ಕ ಶುರು. ವರ್ಷದ ನಡುವೆ ಬಾಕಿಗಳನ್ನೆಲ್ಲ ಹೊಸ ಸಾಫ್ಟ್‌ವೇರ್‌ಗೆ ಸಾಗಿಸೋ ಗೋಳು ಯಾರಿಗೂ ಬೇಡ, ಹಾಗಾಗಿ ಬದಲಾಯಿಸೋರು ಫೆಬ್ರವರಿ, ಮಾರ್ಚ್‌ನಲ್ಲೇ ಮನಸ್ಸು ಮಾಡ್ತಾರೆ. ನೀವು ಪಟ್ಟಿ ತೆಗೆಯುವಾಗ ಸೇಲ್ಸ್‌ನ ಒಬ್ಬ ಹುಡುಗನನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಷ್ಟೋ ಸಾಲುಗಳ ಎದುರು ಅವನು 'ಆಸಕ್ತಿ ಇಲ್ಲ' ಅಂತ ಬರೆದಿರ್ತಾನೆ. ಕೇಳಿದ್ರೆ, "ಅವತ್ತು ಅವರು ತೂಕದ ಹತ್ರ ಇದ್ರು ಸರ್, ಫೋನ್ ಇಡು ಅಂದ್ರು" ಅಂತಾನೆ.